ಡಿಸ್ಕಸ್ ಮಾಡೋದಿತ್ತು: ನಗರದ ಬೆರಕೆ ಮಾತನ್ನು ಸಂಭಾಷಣೆಗೆ ತರುವ ಬಗೆ



"ನಾನು ನಿನ್ನನ್ನು ತುಂಬಾ ಮಿಸ್ ಮಾಡುತ್ತಿದ್ದೇನೆ." ಈಗಿನ ಕಥೆಗಳಲ್ಲಿ ಇಂಥ ಮಾತು ಧಾರಾಳವಾಗಿ ಸಿಗುತ್ತದೆ. ಓದಿದ ಹಿರಿಯರು ‘ಮಿಸ್’ ಅನ್ನುವ ಪದದ ಮೇಲೆ ಸಿಟ್ಟಾಗುತ್ತಾರೆ. ನನ್ನ ತಕರಾರು ಆ ಪದದ ಮೇಲಲ್ಲ, ಅದರ ಅಕ್ಕಪಕ್ಕ ಕೂತಿರುವ ಕನ್ನಡದ ಮೇಲೆ. ಜಯನಗರದಲ್ಲೋ ವಿಜಯನಗರದಲ್ಲೋ ಬೆಳೆದ ಹುಡುಗ ತನ್ನ ಹುಡುಗಿಗೆ ಫೋನಿನಲ್ಲಿ ಹೇಳುವುದು "ತುಂಬಾ ಮಿಸ್ ಮಾಡ್ಕೊಳ್ತಿದೀನಿ ಕಣೇ" ಅಂತ. ‘ನಾನು’ ಬೇಕಿಲ್ಲ, ಕ್ರಿಯಾಪದದ ಬಾಲವೇ ಅದನ್ನು ಹೇಳುತ್ತದೆ. ‘ನಿನ್ನನ್ನು’ ಬೇಕಿಲ್ಲ, ಕೇಳುತ್ತಿರುವವಳು ಅವಳೊಬ್ಬಳೇ. ‘ಮಾಡು’ ಜೊತೆಗೆ ‘ಕೊಳ್ಳು’ ಸೇರಿ ನೋವು ತನ್ನದಾಗಿದೆ. ಕೊನೆಯ ‘ಕಣೇ’ಯಲ್ಲಿ ಸಲಿಗೆಯೆಲ್ಲ ಇದೆ. ಎರಡೂ ವಾಕ್ಯಗಳಲ್ಲಿ ಇಂಗ್ಲಿಷ್ ಪದ ಒಂದೇ. ಒಂದು ವಾಕ್ಯ ಸತ್ತಿದೆ, ಇನ್ನೊಂದು ಉಸಿರಾಡುತ್ತಿದೆ.

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಬೆರಕೆ ಮಾತಿನ ಸಂಭಾಷಣೆ ಬರೆಯುವವರು ಇಂಗ್ಲಿಷ್ ಪದ ಎಷ್ಟು ಹಾಕಬೇಕು, ಯಾವುದು ಹಾಕಬೇಕು ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಕಿವಿ ಕೊಡಬೇಕಾದದ್ದು ಆ ಪದಕ್ಕೆ ಅಂಟಿಕೊಳ್ಳುವ ಕನ್ನಡದ ಬಾಲಕ್ಕೆ. ಪಾತ್ರದ ವಯಸ್ಸು, ಊರು, ಕಸುಬು, ಎದುರಿಗಿರುವವರ ಜೊತೆಗಿನ ಸಂಬಂಧ, ಎಲ್ಲವೂ ಆ ಬೆಸುಗೆಯಲ್ಲಿ ಗೊತ್ತಾಗುತ್ತವೆ.

ಈ ಕೆಲಸ ಹೊಸದೇನೂ ಅಲ್ಲ. ಕಳೆದ ಶತಮಾನದ ಮೊದಲ ದಶಕಗಳಲ್ಲೇ ಟಿ. ಪಿ. ಕೈಲಾಸಂ ಇದನ್ನು ರಂಗದ ಮೇಲೆ ಮಾಡಿ ತೋರಿಸಿದರು. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದ ಅವರು ಬೆಂಗಳೂರು ಮೈಸೂರಿನ ವಕೀಲರು, ಗುಮಾಸ್ತರು, ಓದಿದ ಹುಡುಗರು ಮನೆಯಲ್ಲಿ ಹೇಗೆ ಮಾತಾಡುತ್ತಿದ್ದರೋ ಹಾಗೆ ನಾಟಕ ಬರೆದರು. ‘ಹೋಂ ರೂಲು’ ಎಂಬ ಅವರ ನಾಟಕದ ಹೆಸರನ್ನೇ ನೋಡಿ. ‘ರೂಲ್’ ಅಲ್ಲ, ‘ರೂಲು’. ಆ ಒಂದು ಉಕಾರದಲ್ಲಿ ಇಂಗ್ಲಿಷ್ ರಾಜಕೀಯದ ದೊಡ್ಡ ಮಾತು ನಮ್ಮ ಪಡಸಾಲೆಗೆ ಬಂದು ಕೂತುಬಿಟ್ಟಿದೆ. ಕೈಲಾಸಂ ಅವರ ಇಂಗ್ಲಿಷನ್ನು ಎಲ್ಲರೂ ಹೊಗಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಅವರು ಕನ್ನಡದ ಸ್ವರಗಳನ್ನು ನುಂಗಿ, ಪದಗಳನ್ನು ಒತ್ತೊತ್ತಾಗಿ ಕೂಡಿಸಿ, ಆಡಿದ ಹಾಗೇ ಬರೆದದ್ದು. ಹಾಗೆ ಬರೆದ ಕನ್ನಡದ ನಡುವೆ ಇಂಗ್ಲಿಷ್ ಪದ ಬಂದರೆ ಓದುಗ ಎಡವುವುದಿಲ್ಲ. ನಮ್ಮ ಕಾಲಕ್ಕೆ ಗಿರೀಶ ಕಾರ್ನಾಡರು ‘ಬೆಂದ ಕಾಳು ಆನ್ ಟೋಸ್ಟ್’ ಎಂದು ನಾಟಕಕ್ಕೆ ಹೆಸರಿಟ್ಟಾಗ ಉಕಾರ ಬಿದ್ದುಹೋಗಿತ್ತು, ನಡುವೆ ಇಂಗ್ಲಿಷಿನ ‘ಆನ್’ ಕೂಡ ಬಂದಿತ್ತು. ಎರಡು ಶೀರ್ಷಿಕೆಗಳ ನಡುವೆ ಬೆಂಗಳೂರು ಎಷ್ಟು ಬದಲಾಯಿತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈಗ ಬೆಸುಗೆಯ ವಿಚಾರ. ಭಾಷಾಶಾಸ್ತ್ರಜ್ಞ ಎಸ್. ಎನ್. ಶ್ರೀಧರ್ 1978ರಷ್ಟು ಹಿಂದೆಯೇ ಕನ್ನಡದ ಈ ಬೆರಕೆಯ ಬಗ್ಗೆ ಬರೆದಿದ್ದರು. ಆಮೇಲೆ, 1993ರಲ್ಲಿ, ಕ್ಯಾರಲ್ ಮೈಯರ್ಸ್ ಸ್ಕಾಟನ್ ಎಂಬ ವಿದ್ವಾಂಸೆ ಆಫ್ರಿಕಾದ ನಗರಗಳ ಸ್ವಾಹಿಲಿ ಇಂಗ್ಲಿಷ್ ಬೆರಕೆಯನ್ನು ನೋಡಿ ಒಂದು ವಿವರಣೆ ಕೊಟ್ಟರು. ಎರಡು ಭಾಷೆ ಬೆರೆತಾಗ ಒಂದು ಭಾಷೆ ವಾಕ್ಯದ ಚೌಕಟ್ಟು ಕೊಡುತ್ತದೆ, ಇನ್ನೊಂದು ಅದರೊಳಕ್ಕೆ ಪದಗಳನ್ನು ತಂದು ಹಾಕುತ್ತದೆ ಅನ್ನುವುದು ಅದರ ಸಾರ. ನಮ್ಮ ಊರುಗಳ ಮಾತಿಗೆ ಇದು ಚೆನ್ನಾಗಿ ಒಪ್ಪುತ್ತದೆ. "ಮೀಟಿಂಗ್ ಮುಗ್ಸ್ಕೊಂಡು ಡೈರೆಕ್ಟಾಗಿ ಏರ್‌ಪೋರ್ಟಿಗೆ ಹೋಗ್ತೀನಿ" ಅನ್ನುವ ಮಾತಿನಲ್ಲಿ ಇಂಗ್ಲಿಷಿನಿಂದ ಬಂದವು ಮೂರು ಪದ. ಕಾಲ, ಪುರುಷ, ವಿಭಕ್ತಿ, ಪದಗಳ ಕ್ರಮ ಎಲ್ಲ ಕನ್ನಡದ್ದೇ. ಇಂಗ್ಲಿಷಿನ ಸರ್ವನಾಮ ಇಂಥ ವಾಕ್ಯದೊಳಕ್ಕೆ ಬರುವುದಿಲ್ಲ. ಅವರ ‘ಟು’, ‘ಇನ್’ ಬರುವುದಿಲ್ಲ, ‘ಎ’, ‘ದಿ’ ಅಂತೂ ಇಲ್ಲವೇ ಇಲ್ಲ. ಬರಹಗಾರ ಇಲ್ಲಿ ತಪ್ಪಿದರೆ ಓದುಗನಿಗೆ ಕಾರಣ ಹೇಳಲು ಬಾರದಿದ್ದರೂ "ಹಿಂಗೆ ಯಾರೂ ಮಾತಾಡಲ್ಲ" ಅನ್ನುವುದು ತಕ್ಷಣ ಹೊಳೆಯುತ್ತದೆ.

ಇಂಗ್ಲಿಷ್ ಕ್ರಿಯಾಪದ ಕನ್ನಡಕ್ಕೆ ಬರುವಾಗ ಅದಕ್ಕೊಂದು ಕನ್ನಡದ ಕ್ರಿಯಾಪದ ಜೊತೆಗೂಡಲೇಬೇಕು. ಸಾಮಾನ್ಯವಾಗಿ ‘ಮಾಡು’ ಇಲ್ಲವೇ ‘ಆಗು’. ಸಂಭಾಷಣೆ ಬರೆಯುವವರಿಗೆ ಈ ಎರಡರ ನಡುವಿನ ಆಯ್ಕೆಯಷ್ಟು ಉಪಯೋಗದ ಸಂಗತಿ ಇನ್ನೊಂದಿಲ್ಲ. ಆಫೀಸಿನಲ್ಲಿ ಒಂದು ಫೈಲು ಹಾಳಾಗಿದೆ ಎಂದುಕೊಳ್ಳಿ. "ಡಿಲೀಟ್ ಮಾಡ್ಬಿಟ್ಟೆ" ಅಂದವನು ಒಪ್ಪಿಕೊಂಡ. "ಡಿಲೀಟ್ ಆಗೋಯ್ತು" ಅಂದವನು ಜಾರಿಕೊಂಡ. "ಡಿಲೀಟ್ ಮಾಡ್ಸಿದ್ರು" ಅಂದವನು ಮೇಲಿನವರ ಕಡೆ ಬೆರಳು ತೋರಿಸಿದ. ಬಾಲ ಮೂರು, ಮನುಷ್ಯರು ಮೂವರು. "ಮದುವೆ ಕ್ಯಾನ್ಸಲ್ ಆಯ್ತು" ಅನ್ನುವ ಅಪ್ಪನಿಗೂ "ಕ್ಯಾನ್ಸಲ್ ಮಾಡ್ಕೊಂಡ್ಳು" ಅನ್ನುವ ಅತ್ತೆಗೂ ನಡುವೆ ಒಂದು ಕಥೆಯೇ ಇದೆ. ಇಷ್ಟನ್ನು ಇಂಗ್ಲಿಷ್ ಪದ ಹೇಳಲಾರದು, ಅದು ಬರೀ ವಿಷಯ ಹೇಳಿ ಸುಮ್ಮನಾಗುತ್ತದೆ. ಹೊಣೆ ಯಾರದು ಅನ್ನುವುದೆಲ್ಲ ನಮ್ಮ ಕ್ರಿಯಾಪದದ ಪಾಲಿಗೆ ಬಂದಿದೆ.

ಇನ್ನು ನಾಮಪದ. ಹಳೆಯ ತಲೆಮಾರು ಇಂಗ್ಲಿಷ್ ಪದದ ಕೊನೆಗೆ ಉಕಾರ ಹಚ್ಚುತ್ತದೆ: ಬಸ್ಸು, ಲೋನು, ಬ್ಯಾಂಕು, ಸೈಟು. ವಿಭಕ್ತಿ ಸೇರಿದಾಗ ಬಸ್ಸಿಗೆ, ಲೋನಿಗೆ, ಬ್ಯಾಂಕಿನಲ್ಲಿ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಕ್ಕಳ ಬಾಯಲ್ಲಿ ಉಕಾರ ಬಿದ್ದುಹೋಗಿ ಬಸ್‌ಗೆ, ಲೋನ್‌ಗೆ, ಬ್ಯಾಂಕಲ್ಲಿ ಆಗಿದೆ. ಪದ ಒಂದೇ, ಮೂವತ್ತು ವರ್ಷದ ಅಂತರ ಕಿವಿಗೆ ಬೀಳುತ್ತದೆ. ಇದು ಕಟ್ಟುನಿಟ್ಟಾದ ನಿಯಮವೇನಲ್ಲ. ಒಬ್ಬರೇ ಒಂದೇ ಉಸಿರಿನಲ್ಲಿ ಎರಡೂ ಬಗೆ ಆಡುವುದುಂಟು. ಆದರೆ ಪಾತ್ರಕ್ಕೆ ಒಂದು ಒಲವು ಇರುತ್ತದೆ, ಅದನ್ನು ಹಿಡಿದರೆ ಯಾರು ಮಾತಾಡುತ್ತಿದ್ದಾರೆಂದು ಹೆಸರು ಬರೆಯದೆಯೂ ಗೊತ್ತಾಗುತ್ತದೆ. ಅಂದಹಾಗೆ, ಅಜ್ಜಿಯರು ಇಂಗ್ಲಿಷ್ ಪದ ಬಳಸುವುದಿಲ್ಲ ಅನ್ನುವುದು ನಮ್ಮ ಕಥೆಗಾರರ ದೊಡ್ಡ ಮೂಢನಂಬಿಕೆ. ಬಿ.ಪಿ., ಶುಗರು, ಪೆನ್ಷನ್ನು, ನಾಮಿನಿ, ಕುಕ್ಕರ್ ಗ್ಯಾಸ್ಕೆಟ್ಟು ಇವೆಲ್ಲ ಅಜ್ಜಿಯರ ಮಾತೇ. ಅಜ್ಜಿ ‘ರಕ್ತದೊತ್ತಡ’ ಅಂದರೆ ಕಥೆ ಅಲ್ಲೇ ಬಿತ್ತು.

ಒಂದು ದೃಶ್ಯವನ್ನು ತೆಗೆದುಕೊಂಡು ನೋಡೋಣ. ಬನಶಂಕರಿ ಎರಡನೇ ಹಂತದಲ್ಲಿ ಒಂದು ಹಳೆಯ ಮನೆ. ಶಾರದಮ್ಮನಿಗೆ ಎಪ್ಪತ್ತು ದಾಟಿದೆ, ವಿಮಾ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಗ ಕಿರಣ್ ಸಾಫ್ಟ್‌ವೇರಿನಲ್ಲಿದ್ದಾನೆ, ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ ವಾಸ. ಮನೆ ಮಾರುವ ಯೋಚನೆ ಅವನದು. ಜೊತೆಯಲ್ಲಿ ಒಬ್ಬ ಬ್ರೋಕರನ್ನು ಕರೆದುಕೊಂಡು ಬಂದಿದ್ದಾನೆ. ಕಲಿಯುವ ಕೈಯ ಮೊದಲ ಕರಡು ಹೀಗಿರುತ್ತದೆ:

ಕಿರಣ್: ಅಮ್ಮಾ, ನಾನು ಈ ಮನೆಯನ್ನು ಸೇಲ್ ಮಾಡಲು ಡಿಸೈಡ್ ಮಾಡಿದ್ದೇನೆ. ಇದು ವೆರಿ ಓಲ್ಡ್ ಆಗಿದೆ. ಮೆಂಟೇನ್ ಮಾಡುವುದು ತುಂಬಾ ಡಿಫಿಕಲ್ಟ್.

ಶಾರದಮ್ಮ: ಮಗನೇ, ಇದು ನಿನ್ನ ತಂದೆಯವರು ಕಷ್ಟಪಟ್ಟು ಕಟ್ಟಿಸಿದ ಮನೆ. ಮಾರುವ ಮಾತನ್ನು ಆಡಬೇಡ.

ಬ್ರೋಕರ್: ಒಳ್ಳೆಯ ಬೆಲೆ ಬರುತ್ತದೆ ಅಮ್ಮ, ಯೋಚನೆ ಮಾಡಿ.

ಇಲ್ಲಿ ಏನು ಕೆಟ್ಟಿದೆ? ಮೊದಲನೆಯದಾಗಿ, ಲೇಖಕ ಭಾಷೆಯನ್ನು ಪಾತ್ರಗಳಿಗೆ ಹಂಚಿಬಿಟ್ಟಿದ್ದಾನೆ. ಮಗನಿಗೆ ಇಂಗ್ಲಿಷು, ತಾಯಿಗೆ ಶುದ್ಧ ಕನ್ನಡ. ಅಂದರೆ ಸರಿ ತಪ್ಪಿನ ತೀರ್ಪು ಮೊದಲೇ ಆಗಿಹೋಯಿತು, ದೃಶ್ಯಕ್ಕೆ ಮಾಡಲು ಕೆಲಸವೇ ಇಲ್ಲ. ಎರಡನೆಯದು, ಕಿರಣನ ಮಾತಿನಲ್ಲಿ ಇಂಗ್ಲಿಷ್ ಪದಗಳನ್ನು ಎತ್ತಿಟ್ಟರೆ ಉಳಿಯುವುದು ಪಠ್ಯಪುಸ್ತಕದ ಕನ್ನಡ: ‘ಮನೆಯನ್ನು’, ‘ಮಾಡಲು’, ‘ಮಾಡಿದ್ದೇನೆ’. ‘ವೆರಿ ಓಲ್ಡ್ ಆಗಿದೆ’ ಅನ್ನುವುದನ್ನು ಯಾರ ಬಾಯಲ್ಲೂ ಕೇಳಲಾರಿರಿ. ‘ಹಳೇದು’ ಎಂಬ ಪದ ನಮಗೆ ನಾಲಿಗೆಯ ತುದಿಯಲ್ಲೇ ಇರುವಾಗ ಅದನ್ನು ಬಿಟ್ಟು ಹೋಗುವುದಕ್ಕೆ ಕಾರಣ ಬೇಕು. ಮೂರನೆಯದು ಎಲ್ಲಕ್ಕಿಂತ ದೊಡ್ಡ ದೋಷ. ತಾಯಿಯ ಮುಂದೆ ಇಂಥ ಮಾತನ್ನು ಯಾವ ಮಗನೂ ಹೀಗೆ ನೇರವಾಗಿ ತೆಗೆಯುವುದಿಲ್ಲ. ಅವನು ಸುತ್ತಿ ಬಳಸಿ ಬರುತ್ತಾನೆ. ಆ ಸುತ್ತು ದಾರಿಯಲ್ಲೇ ಇಂಗ್ಲಿಷ್ ಅವನಿಗೆ ನೆರವಾಗುವುದು. ಬ್ರೋಕರನಂತೂ ಬ್ರೋಕರನೇ ಅಲ್ಲ, ಯಾರೋ ಊರಿನ ಹಿರಿಯರ ಹಾಗೆ ಮಾತಾಡುತ್ತಿದ್ದಾನೆ.

ತಿದ್ದಿದ ಮೇಲೆ:

ಕಿರಣ್: ಅಮ್ಮಾ, ಈ ಮನೆ ವಿಷ್ಯ... ಸ್ವಲ್ಪ ಡಿಸ್ಕಸ್ ಮಾಡೋದಿತ್ತು.

ಶಾರದಮ್ಮ: ಡಿಸ್ಕಸ್ ಮಾಡೋವಂಥದ್ದು ಏನೋ ಅದು?

ಕಿರಣ್: ಏನಿಲ್ಲ, ಒಂದು ಆಫರ್ ಬಂದಿದೆ.

ಶಾರದಮ್ಮ: ತಾನಾಗ್ ತಾನೇ ಬಂತಾ, ನೀನ್ ಹೇಳಿದ್ಯಾ?

ಕಿರಣ್: ಹಂಗಲ್ಲಮ್ಮಾ. ಮಾತಿಗ್ ಮಾತ್ ಬಂತು. ಡಿಸೈಡ್ ಏನೂ ಆಗಿಲ್ಲ.

ಬ್ರೋಕರ್: ಮೇಡಮ್, ತರ್ಟಿ ಫಾರ್ಟಿ, ಈಸ್ಟ್ ಫೇಸಿಂಗು, ಎ ಖಾತಾ. ಪಾರ್ಟಿ ರೆಡಿ ಇದೆ. ನೀವ್ ಹೂಂ ಅಂದ್ರೆ ನಾಳೇನೇ ಟೋಕನ್ ಕೊಡಿಸ್ತೀನಿ.

ಶಾರದಮ್ಮ: ಟೋಕನ್ನು ಗೀಕನ್ನು ಎಲ್ಲಾ ಆಮೇಲೆ. ಮೊದ್ಲು ಕಾಫಿ ಕುಡೀರಿ. ಕಿರಣಾ, ಈ ಮನೆ ಲೋನು ಇಪ್ಪತ್ ವರ್ಷ ನನ್ನ ಸಂಬಳದಲ್ಲಿ ಕಟ್ ಆಗಿದೆ ಕಣೋ.

ಕಿರಣ್: ಐ ನೋ ಅಮ್ಮಾ. ಐ ನೋ.

ಇಂಗ್ಲಿಷ್ ಪದಗಳು ಮೊದಲ ಕರಡಿಗಿಂತ ಇಲ್ಲಿ ಹೆಚ್ಚೇ ಇವೆ. ಆದರೂ ಕಣ್ಣಿಗೆ ಚುಚ್ಚುವುದಿಲ್ಲ. ಒಂದೊಂದಾಗಿ ನೋಡಿ. ‘ಡಿಸ್ಕಸ್ ಮಾಡೋದಿತ್ತು’ ಅನ್ನುವಲ್ಲಿ ‘ಮಾತಾಡೋದಿತ್ತು’ ಅನ್ನಬಹುದಿತ್ತು. ಆದರೆ ತಾಯಿ ಮಗ ದಿನಾ ಮಾತಾಡುತ್ತಾರೆ. ಆಫೀಸಿನ ಪದವನ್ನು ತಂದದ್ದರಿಂದ ವಿಷಯ ಮನೆಯದಲ್ಲ, ಏನೋ ವ್ಯವಹಾರದ್ದು ಅನ್ನುವ ಸುಳಿವು ಸಿಕ್ಕಿತು. ತಾಯಿ ಆ ಪದವನ್ನೇ ಎತ್ತಿ ವಾಪಸ್ಸು ಎಸೆದರು. ಪದಗಳನ್ನು ಹೀಗೆ ಎದುರಿನವರ ಬಾಯಿಂದ ಕಿತ್ತುಕೊಂಡು ಚುಚ್ಚುವುದು ನಮ್ಮ ಮನೆಗಳಲ್ಲಿ ದಿನನಿತ್ಯದ ಆಟ. ‘ಆಫರ್ ಬಂದಿದೆ’, ‘ಡಿಸೈಡ್ ಆಗಿಲ್ಲ’: ಎರಡರಲ್ಲೂ ಮಾಡಿದವರು ಯಾರೆಂಬುದು ಕಾಣೆ. ಮೊದಲನೆಯ ಕಡೆ ತಾಯಿ ಹಿಡಿದುಬಿಟ್ಟರು, ವ್ಯಾಕರಣ ಓದದವರಿಗೂ ಈ ಜಾಡು ತಿಳಿಯುತ್ತದೆ. ಅದೇ ‘ಆಗು’ ತಾಯಿಯ ಬಾಯಲ್ಲಿ ‘ಕಟ್ ಆಗಿದೆ’ ಎಂದು ಬಂದಾಗ ಅದರಲ್ಲಿ ಕಳ್ಳತನವಿಲ್ಲ. ಇಪ್ಪತ್ತು ವರ್ಷ ತಿಂಗಳು ತಿಂಗಳು ಕೈಗೆ ಬರುವ ಮೊದಲೇ ಸಂಬಳ ಮುರಿದುಹೋದ ಸಂಗತಿ ಅದು. ಒಂದೇ ಬಾಲ, ಒಬ್ಬರಿಗೆ ಅಡಗುವ ಜಾಗ, ಇನ್ನೊಬ್ಬರಿಗೆ ಬದುಕಿನ ಲೆಕ್ಕ.

ಬ್ರೋಕರನ ಮಾತಿಗೆ ಬನ್ನಿ. ಕಸುಬಿಗೊಂದು ಇಂಗ್ಲಿಷ್ ಇದೆ. ಮೂವತ್ತು ಅಡಿಗೆ ನಲವತ್ತು ಅಡಿ ನಿವೇಶನವನ್ನು ಬೆಂಗಳೂರಿನಲ್ಲಿ ಎಲ್ಲರೂ ‘ತರ್ಟಿ ಫಾರ್ಟಿ’ ಅನ್ನುತ್ತಾರೆ, ಇಂಗ್ಲಿಷ್ ಒಂದಕ್ಷರ ಓದದ ಮೇಸ್ತ್ರಿಯೂ ಸಹ. ಕೊಳ್ಳುವವನು ‘ಪಾರ್ಟಿ’. ಗಮನಿಸಬೇಕಾದದ್ದು, ಆ ಪಾರ್ಟಿ ಗಂಡಸೋ ಹೆಂಗಸೋ, ಕ್ರಿಯಾಪದ ಮಾತ್ರ ನಪುಂಸಕ: ‘ಪಾರ್ಟಿ ರೆಡಿ ಇದೆ’. ‘ಪಾರ್ಟಿ ರೆಡಿ ಇದಾರೆ’ ಎಂದು ಬರೆದರೆ ಅವನು ಕಸುಬಿಗೆ ಹೊಸಬ ಅನ್ನಿಸುತ್ತಾನೆ. ಇದೇ ರೀತಿ ಆಟೋದವರಿಗೆ ‘ಒನ್ ಅಂಡ್ ಹಾಫ್’, ‘ರಿಟರ್ನ್ ಖಾಲಿ’, ಟೈಲರಿಗೆ ‘ಫಾಲ್ಸು’, ‘ಲೈನಿಂಗು’, ‘ಟ್ರಯಲ್ಲು’. ಪಾತ್ರಕ್ಕೆ ಕಸುಬು ಕೊಟ್ಟ ಲೇಖಕ ಅಂಗಡಿ ಮುಂದೆ ಒಂದು ಗಂಟೆ ನಿಂತು ಕೇಳಿದರೆ ಇವೆಲ್ಲ ಪುಕ್ಕಟೆ ಸಿಗುತ್ತವೆ. ‘ಟೋಕನ್ನು ಗೀಕನ್ನು’ ಎಂಬಲ್ಲಿ ಕನ್ನಡದ ಹಳೆಯ ಅಸ್ತ್ರ ಇದೆ. ಮೊದಲ ಅಕ್ಷರ ತೆಗೆದು ‘ಗಿ’ ಅಥವಾ ‘ಗೀ’ ಹಾಕಿದರೆ ಎಂಥ ಇಂಗ್ಲಿಷ್ ಪದದ ಗತ್ತೂ ಇಳಿದುಹೋಗುತ್ತದೆ. ಪ್ರಮೋಷನ್ನು ಗಿಮೋಷನ್ನು, ಬ್ರೇಕಪ್ಪು ಗೀಕಪ್ಪು.

ಕೊನೆಗೆ ಆ ‘ಐ ನೋ’. ಅಲ್ಲಿ ಕಿರಣ ಪೂರ್ತಿ ಇಂಗ್ಲಿಷಿಗೆ ಹೊರಳಿದ. ಕನ್ನಡದಲ್ಲಿ ‘ಗೊತ್ತು’ ಅಂದಿದ್ದರೆ ಉದ್ಧಟತನ ಆಗುತ್ತಿತ್ತು, ‘ಗೊತ್ತಮ್ಮಾ’ ಎಂದು ಮೆತ್ತಗೆ ಅಂದಿದ್ದರೆ ಸೋತ ಹಾಗೆ ಆಗುತ್ತಿತ್ತು. ಇಂಗ್ಲಿಷಿನಲ್ಲಿ ಅಂದಾಗ ಎರಡೂ ಆಗದೆ ಅವನು ಬಚಾವಾದ. ಪೂರ್ತಿ ವಾಕ್ಯ ಹೊರಳುವ ಜಾಗಗಳನ್ನು ನಾನು ಬಹಳ ಜಿಪುಣತನದಿಂದ ಬಳಸಿ ಎನ್ನುತ್ತೇನೆ. ನಮ್ಮವರು ಕ್ಷಮೆ ಕೇಳಲು, ಪ್ರೀತಿ ಹೇಳಲು, ಲೈಂಗಿಕ ವಿಷಯ ಆಡಲು, ಸಿಟ್ಟಿನಲ್ಲಿ ದೂರ ನಿಲ್ಲಿಸಲು ಇಂಗ್ಲಿಷಿಗೆ ಹೊರಳುತ್ತಾರೆ. ಪುಟಪುಟಕ್ಕೂ ಹೊರಳಿಸಿದರೆ ಆ ಜಾಗದ ಬೆಲೆ ಹೋಗುತ್ತದೆ. ಇನ್ನೊಬ್ಬರ ಮಾತನ್ನು ವರದಿ ಮಾಡುವಾಗ ಬೇರೆ. "ಐ ಆಮ್ ನಾಟ್ ಇಂಟರೆಸ್ಟೆಡ್ ಅಂದ್ಬಿಟ್ಳು ಕಣೇ" ಅನ್ನುವಾಗ ಇಂಗ್ಲಿಷ್ ವಾಕ್ಯ ಇಡಿಯಾಗಿ ‘ಅಂದ್ಬಿಟ್ಳು’ ಹೊಟ್ಟೆಯೊಳಗೆ ಸೇರಿಕೊಂಡಿರುತ್ತದೆ. ‘ಅಂತ’, ‘ಅಂದ’ ಇರುವ ಕಡೆ ಎಷ್ಟು ಉದ್ದದ ಇಂಗ್ಲಿಷನ್ನಾದರೂ ಕನ್ನಡ ನುಂಗಬಲ್ಲದು.

ಹೊರಳುವುದಕ್ಕೆ ಇನ್ನೊಂದು ಕಾರಣ ಇದೆ, ಆಫೀಸಿನ ದೃಶ್ಯ ಬರೆಯುವವರು ಅದನ್ನು ಮರೆಯಬಾರದು. ಕನ್ನಡದಲ್ಲಿ ಬಾಯಿ ತೆರೆದ ಕೂಡಲೇ ‘ನೀನು’ ಅನ್ನಬೇಕೋ ‘ನೀವು’ ಅನ್ನಬೇಕೋ ತೀರ್ಮಾನ ಆಗಬೇಕು. ಐವತ್ತರ ಗುಮಾಸ್ತ, ಮೂವತ್ತರ ಮ್ಯಾನೇಜರಮ್ಮ. ಅಲ್ಲಿ ‘ನೀನು’ ಆಗದು, ‘ನೀವು’ ಎಂದರೆ ಗದರಿಸುವ ಮಾತು ಗದರಿಕೆ ಆಗದು. ಇಂಗ್ಲಿಷಿನ ‘ಯು’ಗೆ ಆ ಕಾಟವಿಲ್ಲ. ಹಾಗಾಗಿ "ಯು ಶುಡ್ ಹ್ಯಾವ್ ಇನ್ಫಾರ್ಮ್ಡ್ ಮಿ" ಎಂದು ಗದರಿಸಿ, ಎರಡು ನಿಮಿಷ ಬಿಟ್ಟು "ಊಟ ಆಯ್ತಾ?" ಎಂದು ಕರ್ತೃವೇ ಇಲ್ಲದ ಕನ್ನಡದಲ್ಲಿ ರಾಜಿ ಮಾಡಿಕೊಳ್ಳುತ್ತಾರೆ. ಈ ತಪ್ಪಿಸಿಕೊಳ್ಳುವಿಕೆಯನ್ನು ಹಾಗೇ ದಾಖಲಿಸಿದರೆ ಸಾಕು, ಅವರ ನಡುವೆ ಏನಿದೆ ಎಂದು ಲೇಖಕ ವಿವರಿಸಬೇಕಿಲ್ಲ.

ಶಾರದಮ್ಮನಿಗೆ ಅಮೆರಿಕದಲ್ಲಿ ಒಬ್ಬ ಮೊಮ್ಮಗಳು ಇದ್ದಾಳೆ, ಅಲ್ಲೇ ಹುಟ್ಟಿ ಬೆಳೆದವಳು ಎಂದುಕೊಳ್ಳಿ. ಫೋನಿನ ಸ್ಪೀಕರಿನಲ್ಲಿ ಅವಳ ಮಾತು: "ವಾಟೆವರ್ ಅಜ್ಜಿ ವಾಂಟ್ಸ್, ಮಾಮಾ." ಇಲ್ಲಿ ಎರಡು ಕನ್ನಡ ಪದಗಳಿವೆ, ಚೌಕಟ್ಟು ಮಾತ್ರ ತಿರುಗಿದೆ. ಕ್ರಿಯಾಪದದ ಬಾಲ ಇಂಗ್ಲಿಷಿನದು, ಅದರೊಳಗೆ ಕನ್ನಡದ ನಂಟಿನ ಪದಗಳು ಬಂದು ಕೂತಿವೆ. ಹೊರದೇಶದಲ್ಲಿ ಬೆಳೆದ ಮಕ್ಕಳ ಮಾತು ಬರೆಯುವಾಗ ಬೆಂಗಳೂರಿನ ಹುಡುಗನ ಬೆರಕೆಗೆ ಇನ್ನಷ್ಟು ಇಂಗ್ಲಿಷ್ ಸುರಿದರೆ ಆಗುವುದಿಲ್ಲ. ಅದು ಪ್ರಮಾಣದ ಮಾತಲ್ಲ, ಜಾತಿಯೇ ಬೇರೆ.

ಊರು ಬದಲಾದರೆ? ಕಿರಣನ ಮೊದಲ ಮಾತನ್ನೇ ಹುಬ್ಬಳ್ಳಿಗೆ ಒಯ್ಯಿರಿ: "ಅವ್ವಾ, ಮನೀದು ಸ್ವಲ್ಪ ಡಿಸ್ಕಸ್ ಮಾಡೂದಿತ್ತು." ಮಂಗಳೂರಿಗೆ ಒಯ್ಯಿರಿ: "ಅಮ್ಮ, ಮನೆ ವಿಷಯ ಸ್ವಲ್ಪ ಡಿಸ್ಕಸ್ ಮಾಡ್ಲಿಕ್ಕುಂಟು." ಇಂಗ್ಲಿಷ್ ಪದ ಮೂರೂ ಊರಲ್ಲಿ ಕೂದಲಷ್ಟೂ ಬದಲಾಗಲಿಲ್ಲ. ಧಾರವಾಡದ ಕಡೆ ‘ಫೋನ್ ಮಾಡು’ ಬದಲು ‘ಫೋನ್ ಹಚ್ಚು’ ಅನ್ನುವುದೂ ಉಂಟು, ಅಲ್ಲಿ ‘ಮಾಡು’ವಿನ ಕೆಲಸವನ್ನು ‘ಹಚ್ಚು’ ವಹಿಸಿಕೊಂಡಿದೆ. ನಮ್ಮ ಧಾರಾವಾಹಿಗಳಲ್ಲಿ ಉತ್ತರ ಕರ್ನಾಟಕದ ಪಾತ್ರ ಅಂದರೆ ಇಂಗ್ಲಿಷ್ ಬಾರದ ಹಳ್ಳಿಗ ಎಂದೇ ಲೆಕ್ಕ. ಹುಬ್ಬಳ್ಳಿಯಲ್ಲಿ ಸಾಫ್ಟ್‌ವೇರ್ ಹುಡುಗರಿಲ್ಲವೆ, ಕಲಬುರಗಿಯಲ್ಲಿ ಡಾಕ್ಟರಿಲ್ಲವೆ? ಅವರು ಬೆರೆಸುವುದು ಅವರ ಕನ್ನಡಕ್ಕೆ. ಬೆಂಗಳೂರಿನ ಬಾಲ ಅಂಟಿಸಿದರೆ ಅವರು ಅವರಾಗಿ ಉಳಿಯುವುದಿಲ್ಲ.

ಇನ್ನು ಕಾಗದದ ಮೇಲಿನ ಸಮಸ್ಯೆ. ಸಂಭಾಷಣೆಯ ಇಂಗ್ಲಿಷನ್ನು ಕನ್ನಡ ಲಿಪಿಯಲ್ಲೇ ಬರೆಯಬೇಕೆಂಬುದು ನನ್ನ ಪಕ್ಷ. ರೋಮನ್ ಲಿಪಿ ಬಂದ ಕಡೆ ಕಣ್ಣು ನಿಲ್ಲುತ್ತದೆ, ‘ಟೋಕನ್ನು ಗೀಕನ್ನು’ ಅನ್ನುವುದನ್ನಂತೂ ಅದರಲ್ಲಿ ಬರೆಯಲಿಕ್ಕೇ ಆಗದು. ಓರೆ ಅಕ್ಷರವೂ ಬೇಡ, ಉದ್ಧರಣ ಚಿಹ್ನೆಯೂ ಬೇಡ. ಪಾತ್ರಕ್ಕೆ ಅದು ಪರಭಾಷೆ ಅನ್ನಿಸುತ್ತಿಲ್ಲವೆಂದ ಮೇಲೆ ಪುಟಕ್ಕೆ ಯಾಕೆ ಅನ್ನಿಸಬೇಕು? ಕಾಗುಣಿತವನ್ನು ಕಿವಿಯಿಂದ ತೆಗೆದುಕೊಳ್ಳಿ, ನಿಘಂಟಿನಿಂದ ಬೇಡ. ಇಲ್ಲೊಂದು ಎಚ್ಚರಿಕೆ ಹೇಳಬೇಕು. ಆಟೋದವನ ‘ಪೋನು’, ಕೆಲಸದಾಕೆಯ ‘ಇಸ್ಕೂಲು’ ಬರೆಯಲು ನಮ್ಮ ಕೈ ಬೇಗ ಓಡುತ್ತದೆ. ಮ್ಯಾನೇಜರ್ ಆಡುವ ‘ಆಕ್ಚುಲಿ’ಯನ್ನು ಮಾತ್ರ ‘ಆಕ್ಚುವಲಿ’ ಎಂದು ನೀಟಾಗಿ ಬರೆಯುತ್ತೇವೆ. ಬಡವರ ಉಚ್ಚಾರಣೆಯನ್ನು ತೋರಿಸಿ ಉಳ್ಳವರದನ್ನು ತಿದ್ದುವುದು ಗೇಲಿ. ತೋರಿಸುವುದಾದರೆ ಇಬ್ಬರದೂ ತೋರಿಸಿ, ಇಲ್ಲವೇ ಇಬ್ಬರದೂ ಬಿಡಿ. ಪದಗಳು ಹಳಸುವುದೂ ಬೇಗ. ‘ಎಸ್ಸೆಮ್ಮೆಸ್ ಹಾಕು’ ಅನ್ನುವ ಪಾತ್ರ ಇವತ್ತು ಇಪ್ಪತ್ತು ವರ್ಷ ಹಿಂದಿನದಾಗಿ ಕೇಳುತ್ತದೆ. ಯಂತ್ರಗಳ ಹೆಸರು, ಕಾಲೇಜಿನ ಚಾಲ್ತಿ ಪದ ಕಮ್ಮಿ ಇದ್ದಷ್ಟೂ ಕಥೆ ಹೆಚ್ಚು ದಿನ ಬಾಳುತ್ತದೆ.

ಬರೆದದ್ದನ್ನು ಪರೀಕ್ಷಿಸಲು ಇಬ್ಬರಿಂದ ಗಟ್ಟಿಯಾಗಿ ಓದಿಸುವುದೇ ಸರಿಯಾದ ದಾರಿ. ನಟರಾದರೆ ಇನ್ನೂ ಒಳ್ಳೆಯದು. ಓದುವವರು ತಮಗೇ ತಿಳಿಯದೆ ‘ಮಾಡುತ್ತೇನೆ’ಯನ್ನು ‘ಮಾಡ್ತೀನಿ’ ಮಾಡಿಕೊಂಡ ಕಡೆಯಲ್ಲೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿ. ಗುರುತು ಹೆಚ್ಚಾಗಿ ಬೀಳುವುದು ಇಂಗ್ಲಿಷ್ ಪದದ ಮೇಲಲ್ಲ, ಅದರ ಮುಂದಿನ ಕನ್ನಡ ಪದದ ಮೇಲೆ.

ಆಮೇಲೆ ಉಳಿಯುವುದು ಕರಡು ತಿದ್ದುವವರ ಗಂಡಾಂತರ. ಶಾರದಮ್ಮ ‘ಬ್ಯಾಂಕಿಗೆ’ ಅನ್ನುತ್ತಾರೆ, ಕಿರಣ್ ‘ಬ್ಯಾಂಕ್‌ಗೆ’ ಅನ್ನುತ್ತಾನೆ. ಪ್ರೂಫ್ ನೋಡುವವರು ಶ್ರದ್ಧೆಯಿಂದ ಎರಡನ್ನೂ ಒಂದೇ ಮಾಡಿಬಿಡುತ್ತಾರೆ, ಅವರಿಗೆ ಕಲಿಸಿದ್ದೇ ಅದನ್ನು. ಕಂಪ್ಯೂಟರಿನಲ್ಲಿ ‘ಬ್ಯಾಂಕ್’ ಮತ್ತು ‘ಗೆ’ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಅಕ್ಷರಶೈಲಿ ಬದಲಿಸುವಾಗ ಅದು ಬಿದ್ದುಹೋದರೆ ಗಕಾರ ಒತ್ತಕ್ಷರವಾಗಿ ಕಕಾರದ ಕೆಳಗೆ ಇಳಿದು ‘ಬ್ಯಾಂಕ್ಗೆ’ ಆಗುತ್ತದೆ, ಕಿರಣನ ಬಾಯಲ್ಲಿ ಯಾರೂ ಓದಲಾರದ ಪದ ಕೂರುತ್ತದೆ. ಆದ್ದರಿಂದ ಹಸ್ತಪ್ರತಿಯ ಜೊತೆ ಪ್ರೆಸ್ಸಿಗೆ ಒಂದು ಚೀಟಿ ಕಳಿಸಿ. ಯಾವ ಪಾತ್ರ ಯಾವ ಪದವನ್ನು ಹೇಗೆ ಆಡುತ್ತದೆ ಎಂದು ಹೆಸರಿನ ಮುಂದೆ ಬರೆದಿರಿ: ಶಾರದಮ್ಮ, ಬ್ಯಾಂಕಿಗೆ, ಲೋನಿಗೆ, ಆಫೀಸಿಗೆ; ಕಿರಣ್, ಬ್ಯಾಂಕ್‌ಗೆ, ಲೋನ್‌ಗೆ, ಆಫೀಸ್‌ಗೆ. ಕೆಳಗೆ ದಪ್ಪಕ್ಷರದಲ್ಲಿ, ಒಂದೇ ಮಾಡಬೇಡಿ ಎಂದು.